ಮೊಣಕೈ ಒಳಭಾಗದ ನೋವು: ಭಾರ ಹೊರಿಸ್ತಾ ಹೊರಿಸ್ತಾ ಸರಿ ಮಾಡ್ಕೊಂಡಿದ್ದು

ಕೈ ಇಳಿಬಿಟ್ಟು ಅಂಗೈ ಮುಂದಕ್ಕೆ ಮಾಡಿ ನಿಂತ್ರೆ ಮೊಣಕೈಲಿ ಮೈ ಕಡೆಗೆ ಒಂದು ಉಬ್ಬಿದ ಮೂಳೆ ಸಿಗುತ್ತಲ್ಲ, ನಂಗೆ ನೋವಿದ್ದಿದ್ದು ಅಲ್ಲಿ, ಅದರಿಂದ ಒಂದು ಬೆರಳಗಲ ಕೆಳಗೆ. ಜಿಮ್ಮಲ್ಲಿ ಚಿನ್ ಅಪ್ ಜಾಸ್ತಿ ಮಾಡ್ತಿದ್ದೆ, ಅಂಗೈ ಮುಖದ ಕಡೆಗೆ ತಿರುಗಿಸಿ ಹಿಡಿಯೋದು, ಅದರ ಜೊತೆ ಭಾನುವಾರ ಮಾರ್ಕೆಟ್ಟಿಂದ ವಾರದ ತರಕಾರಿ ಎರಡೂ ಕೈಲಿ ಹೊತ್ಕೊಂಡು ಬರೋದು. ಶುರುವಲ್ಲಿ ಚಿನ್ ಅಪ್ ಮಾಡುವಾಗ ಮಾತ್ರ ಚುಚ್ತಿತ್ತು, ಆಮೇಲೆ ಬಾಟಲ್ ಮುಚ್ಚಳ ತಿರುಗಿಸೋಕೆ, ಬಟ್ಟೆ ಹಿಂಡೋಕೆ, ಯಾರಾದ್ರೂ ಗಟ್ಟಿಯಾಗಿ ಕೈ ಕುಲುಕಿದ್ರೂ ನೋವು.

ಇದಕ್ಕೆ ಗಾಲ್ಫರ್ಸ್ ಎಲ್ಬೋ ಅಂತಾರೆ, ಗಾಲ್ಫ್ ಆಡದೇ ಇದ್ರೂ ಬರುತ್ತೆ. ಮಣಿಕಟ್ಟನ್ನ ಒಳಕ್ಕೆ ಮಡಿಸೋ ಸ್ನಾಯುಗಳು, ಅಂಗೈಯನ್ನ ಕೆಳಕ್ಕೆ ತಿರುಗಿಸೋ ಸ್ನಾಯು, ಬೆರಳು ಬಿಗಿಯೋ ಸ್ನಾಯುಗಳಲ್ಲಿ ಕೆಲವು, ಇವೆಲ್ಲ ಒಟ್ಟಾಗಿ ಒಂದೇ ಟೆಂಡನ್ ಆಗಿ, ಅಂದ್ರೆ ಸ್ನಾಯುವನ್ನ ಮೂಳೆಗೆ ಕಟ್ಟೋ ಗಟ್ಟಿ ಹುರಿಯಾಗಿ, ಆ ಮೂಳೆಗೆ ಅಂಟ್ಕೊಂಡಿರುತ್ತೆ. ಬಿಗಿಯಾಗಿ ಹಿಡಿಯೋ ಯಾವ ಕೆಲಸ ಮಾಡಿದ್ರೂ ಭಾರ ಬೀಳೋದು ಆ ಒಂದೇ ಜಾಗದ ಮೇಲೆ. ನೋಡ್ಕೊಳ್ಳೋದು ಸುಲಭ: ಕೈ ನೀಟಾಗಿ ಚಾಚಿ ಅಂಗೈ ಮೇಲೆ ಮಾಡಿ ಟೇಬಲ್ ಮೇಲಿಡಿ, ಇನ್ನೊಂದು ಕೈಲಿ ಆ ಅಂಗೈಯನ್ನ ಕೆಳಕ್ಕೆ ಒತ್ತಿ, ಒತ್ತೋಕೆ ಬಿಡದೇ ಮೇಲಕ್ಕೆ ತಳ್ಳಿ. ಆ ಮೂಳೆ ಹತ್ರವೇ ಅದೇ ನೋವು ಬಂದ್ರೆ ಹೆಚ್ಚುಕಮ್ಮಿ ಇದೇ. ಆದ್ರೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿತಾ ಇದ್ರೆ ಅದು ಬೇರೆ, ಅಲ್ಲೇ ಹಿಂದೆ ಹೋಗೋ ನರ ಒತ್ತಿದೆ ಅಂತ ಅನುಮಾನ ಪಡ್ಬೇಕು. ಭಾರ ಎತ್ತುವಾಗ ಟಪ್ ಅಂತ ಸದ್ದು ಬಂದು ನೀಲಿಗಟ್ಟಿದ್ರೆ, ಕೀಲು ಊದಿ ಬಿಸಿಯಾಗಿದ್ರೆ, ಮೊಣಕೈ ಪೂರ್ತಿ ಚಾಚೋಕೇ ಆಗದೇ ಇದ್ರೆ ಎಕ್ಸರ್ಸೈಸ್ ಗೊಡವೆಗೆ ಹೋಗ್ದೆ ಮೊದಲು ಡಾಕ್ಟರ್ ಹತ್ರ ಹೋಗಿ.

ಈ ನೋವಲ್ಲಿ ಪೂರ್ತಿ ರೆಸ್ಟ್ ಕೊಟ್ರೆ ಆರಾಮಾಗುತ್ತೆ, ವಾಪಸ್ ಹೋಗಿ ಅದೇ ತೂಕ ಎತ್ತಿದ್ರೆ ತಿರುಗಿ ಬರುತ್ತೆ, ಯಾಕಂದ್ರೆ ಆ ರೆಸ್ಟಲ್ಲಿ ಟೆಂಡನ್ನಿನ ತಾಳೋ ಶಕ್ತಿ ಇನ್ನೂ ಕಮ್ಮಿಯಾಗಿರುತ್ತೆ. ಟೆಂಡನ್ ಗಟ್ಟಿಯಾಗೋದು ಭಾರ ಬಿದ್ರೆ ಮಾತ್ರ, ಅದೂ ಸ್ನಾಯುವಿಗಿಂತ ತುಂಬಾ ನಿಧಾನ. ನಾನು ತೋರಿಸಿದ ಫಿಸಿಯೋ ಹೇಳಿದ್ದು ಒಂದೇ ಮಾತು, "ನೋವು ಪೂರ್ತಿ ಹೋಗ್ಲಿ ಅಂತ ಕಾಯ್ಬೇಡಿ, ಎಷ್ಟು ಭಾರ ತಡ್ಕೊಳ್ಳುತ್ತೋ ಅಲ್ಲಿಂದ ಶುರು ಮಾಡಿ, ಮಾರನೇ ದಿನ ಬೆಳಿಗ್ಗೆ ಹೇಗಿದೆ ನೋಡಿ." ಇಡೀ ವಿಷಯ ಇದರಲ್ಲೇ ಇದೆ.

ಮಾರನೇ ಬೆಳಿಗ್ಗೆ ಯಾಕೆ ಅಂದ್ರೆ, ಈ ಟೆಂಡನ್ ಎಷ್ಟೋ ಸಲ ಮಾಡುವಾಗ ಸುಮ್ನಿರುತ್ತೆ, ಮೈ ಬಿಸಿಯಾದ ಮೇಲಂತೂ ನೋವೇ ಇಲ್ಲ ಅನ್ಸುತ್ತೆ, ಲೆಕ್ಕ ತಗೊಳ್ಳೋದು ಮಾರನೇ ದಿನ. ನೋವೇ ಇಲ್ಲದ್ದು 0, ತಡೆಯೋಕಾಗದ್ದು 10 ಅಂದ್ರೆ, ಮಾಡುವಾಗ 3ರವರೆಗೆ ಬಂದ್ರೆ ಪರವಾಗಿಲ್ಲ, ಆದ್ರೆ 24 ಗಂಟೆ ಒಳಗೆ ಮೊದಲಿದ್ದ ಮಟ್ಟಕ್ಕೆ ಇಳೀಬೇಕು. ನಾನು ದಿನಾ ಬೆಳಿಗ್ಗೆ ಒಂದೇ ಕೆಲಸದಲ್ಲಿ ಚೆಕ್ ಮಾಡ್ತಿದ್ದೆ, ತುಂಬಿದ ಹಾಲಿನ ಪಾತ್ರೆ ಒಂದೇ ಕೈಲಿ ಎತ್ತೋದು. ನಿನ್ನೆಗಿಂತ ಜಾಸ್ತಿ ನೋವಿದ್ರೆ ಹಿಂದಿನ ದಿನದ ಭಾರ ಹೆಚ್ಚಾಯ್ತು ಅಂತ, ಒಂದು ಮೆಟ್ಟಿಲು ಇಳಿಸೋದು. ಬಿಡೋದಲ್ಲ, ಇಳಿಸೋದು.

ಮೊದಲ ಹಂತ ಅಲ್ಲಾಡಿಸದೇ ಹಿಡಿಯೋದು. ಕೂತ್ಕೊಂಡು ಮುಂಗೈಯನ್ನ ತೊಡೆ ಮೇಲಿಟ್ಟು, ಅಂಗೈ ಮೇಲೆ ಮಾಡಿ, ಮಣಿಕಟ್ಟು ಮಂಡಿಯಿಂದ ಸ್ವಲ್ಪ ಆಚೆ ಬರೋ ಹಾಗೆ, ಡಂಬೆಲ್ ಹಿಡಿದು ಮಣಿಕಟ್ಟು ನೇರವಾಗಿ ನಿಲ್ಲಿಸಬೇಕು. 30ರಿಂದ 45 ಸೆಕೆಂಡ್, ಒಂದೆರಡು ನಿಮಿಷ ಬಿಟ್ಟು ಮತ್ತೆ, ಹೀಗೆ ನಾಲ್ಕೈದು ಸಲ. ತೂಕ ಎಷ್ಟು ಅಂದ್ರೆ ಕೊನೇ ಹತ್ತು ಸೆಕೆಂಡ್ ಕಷ್ಟ ಅನ್ಸಬೇಕು ಆದ್ರೆ ನೋವು 3 ದಾಟಬಾರದು. ನಂಗೆ 3 ಕೆಜಿ ಸರಿ ಹೋಯ್ತು, ಮನೇಲಿ ಡಂಬೆಲ್ ಇಲ್ದಿದ್ರೆ ಬಟ್ಟೆ ಬ್ಯಾಗಿಗೆ ಅರ್ಧ ಕೆಜಿ ಬೇಳೆ ಪ್ಯಾಕೆಟ್ ಹಾಕ್ತಾ ಹೋದ್ರೂ ಆಗುತ್ತೆ. ಇದನ್ನ ದಿನಾ ಮಾಡಬಹುದು, ಕೆಲವರಿಗೆ ಮಾಡಿದ ತಕ್ಷಣ ನೋವು ಸ್ವಲ್ಪ ಇಳಿಯುತ್ತೆ, ನಂಗೆ ಇಳೀತಿತ್ತು.

ಬೆಳಗಿನ ಚೆಕ್ ಒಂದು ವಾರ ಸಮಾಧಾನವಾಗಿ ಬಂದ ಮೇಲೆ ಎರಡನೇ ಹಂತ. ಅದೇ ಭಂಗಿ, ಈಗ ಮಣಿಕಟ್ಟನ್ನ ಮೂರು ಸೆಕೆಂಡಲ್ಲಿ ಮೇಲಕ್ಕೆ, ಮೂರು ಸೆಕೆಂಡಲ್ಲಿ ಕೆಳಕ್ಕೆ, 15 ಸಲ, ಮೂರು ಸೆಟ್, ದಿನ ಬಿಟ್ಟು ದಿನ. ಕೆಳಗೆ ಬಿಡುವಾಗ ಅವಸರ ಮಾಡಬಾರದು, ಧಡ್ ಅಂತ ಬಿಟ್ರೆ ಟೆಂಡನ್ನಿಗೆ ಏಟು. ಸತತ ಎರಡು ಸಲ ಮಾರನೇ ಬೆಳಿಗ್ಗೆ ಸರಿಯಿದ್ರೆ ಅರ್ಧ ಕೆಜಿ ಏರಿಸಿ, ಭಾರ ಏರ್ತಾ ಬಂದ ಹಾಗೆ 15 ಸಲ ಇದ್ದಿದ್ದನ್ನ 12, ಆಮೇಲೆ 8ಕ್ಕೆ ತನ್ನಿ. ತಿರುಗಿಸೋ ಸ್ನಾಯುವಿಗೆ ಸುತ್ತಿಗೆ ಸಾಕು: ಮೊಣಕೈ ಮಡಿಸಿ ಪಕ್ಕೆಗೆ ಒತ್ತಿಟ್ಕೊಂಡು, ಹಿಡಿಯ ತುದಿಯಲ್ಲಿ ಹಿಡಿದು, ಸುತ್ತಿಗೆ ತಲೆಯನ್ನ ಹೊರಕ್ಕೆ ವಾಲಿಸಿ ನಿಧಾನಕ್ಕೆ ನೆಟ್ಟಗೆ ತರೋದು. ಭಾರ ಜಾಸ್ತಿ ಅನ್ಸಿದ್ರೆ ತಲೆಗೆ ಹತ್ರ ಹಿಡೀರಿ.

ಈ ಹೊತ್ತಲ್ಲಿ ಜಿಮ್ ನಿಲ್ಲಿಸಿಲ್ಲ, ನೋವು ಕೊಡೋದನ್ನಷ್ಟೇ ಬದಲಾಯಿಸ್ದೆ. ಚಿನ್ ಅಪ್ ಬದಲು ಅಂಗೈಗಳು ಎದುರುಬದುರು ಬರೋ ಹ್ಯಾಂಡಲ್ಲಲ್ಲಿ ಪುಲ್ ಡೌನ್, ನೇರ ಬಾರ್ ಕರ್ಲ್ ಬದಲು ಹ್ಯಾಮರ್ ಕರ್ಲ್, ಡೆಡ್‌ಲಿಫ್ಟಿಗೆ ಸ್ಟ್ರಾಪ್ ಕಟ್ಟಿ ಹಿಡಿತದ ಭಾರ ಕಮ್ಮಿ ಮಾಡಿದ್ದು. ಮಾರ್ಕೆಟ್ ಬ್ಯಾಗ್ ವಿಷಯ ಇದಕ್ಕಿಂತ ಮುಖ್ಯ ಅಂತ ನಂಗನ್ಸುತ್ತೆ, ಯಾಕಂದ್ರೆ ಜಿಮ್ಮಲ್ಲಿ ಒಂದು ಸೆಟ್ ಒಂದು ನಿಮಿಷದೊಳಗೆ ಮುಗಿಯುತ್ತೆ, ಬ್ಯಾಗ್ ಹಿಡ್ಕೊಂಡು ಬಸ್ ಸ್ಟಾಪಿಂದ ಮನೆವರೆಗೆ ಕಾಲು ಗಂಟೆ. ತೆಳ್ಳಗಿನ ಪ್ಲಾಸ್ಟಿಕ್ ಕವರ್ ಹಿಡಿ ಬೆರಳಿಗೆ ಕೊಯ್ಯುತ್ತೆ, ಅದಕ್ಕೇ ನಾವು ಇನ್ನೂ ಬಿಗಿಯಾಗಿ ಹಿಡಿತೀವಿ. ಆಲೂಗಡ್ಡೆ ಈರುಳ್ಳಿ ತೆಂಗಿನಕಾಯಿ ಬೆನ್ನಿನ ಬ್ಯಾಗಿಗೆ, ಸೊಪ್ಪು ಹಗುರದ್ದು ಕೈಗೆ, ಅಷ್ಟೇ ಬದಲಾವಣೆಗೆ ಸೋಮವಾರ ಬೆಳಗಿನ ನೋವು ಕಮ್ಮಿಯಾಯ್ತು.

ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ಕೇಳೋರು ತುಂಬಾ ಜನ. ಕೆಲವು ವಾರ ನಿಜವಾಗ್ಲೂ ಆರಾಮ ಸಿಗುತ್ತೆ, ಆದ್ರೆ ಮೊಣಕೈ ಹೊರಗಡೆಯ ಇದೇ ಥರದ ನೋವಿನ ಮೇಲೆ ನಡೆದ ಅಧ್ಯಯನಗಳಲ್ಲಿ ವರ್ಷ ಕಳೆಯೋ ಹೊತ್ತಿಗೆ ಇಂಜೆಕ್ಷನ್ ತಗೊಂಡೋರ ಸ್ಥಿತಿ ತಗೊಳ್ದೇ ಇದ್ದೋರಿಗಿಂತ ಹಿಂದಿತ್ತು, ಹಾಗಾಗಿ ನಾನು ತಗೊಳ್ಳಲಿಲ್ಲ. ನೋವಿನ ಜೆಲ್ ಹಚ್ಚಿ, ನೋವು ಮರೆಯಾದಾಗ ಭಾರ ಎತ್ತೋದೂ ಬೇಡ, ಬೆಳಗಿನ ಚೆಕ್ ಸುಳ್ಳು ಹೇಳುತ್ತೆ.

ಡಂಬೆಲ್ 8 ಕೆಜಿ ಹತ್ರ ಬಂದು, ಟೇಬಲ್ ಟೆಸ್ಟಲ್ಲಿ ನೋವು ಬರದೇ ಇದ್ದಾಗ ಚಿನ್ ಅಪ್ ವಾಪಸ್ ಶುರು ಮಾಡಿದೆ, ಅಷ್ಟೊತ್ತಿಗೆ ಮೂರು ತಿಂಗಳು ದಾಟಿತ್ತು. ಮೊದಲು ಸ್ಟೂಲ್ ಮೇಲೆ ಕಾಲಿಟ್ಟು ಅರ್ಧ ಭಾರ, ವಾರಕ್ಕೆ ಎರಡೇ ದಿನ, ಸುಸ್ತಾಗೋವರೆಗೂ ಅಲ್ಲ, ಇನ್ನೂ ಎರಡು ಮೂರು ಮಾಡಬಹುದು ಅನ್ನುವಾಗ್ಲೇ ನಿಲ್ಲಿಸೋದು. ಮಣಿಕಟ್ಟಿನ ಎಕ್ಸರ್ಸೈಸನ್ನ ವಾರಕ್ಕೆ ಎರಡು ಸಲ ಈಗ್ಲೂ ಮಾಡ್ತೀನಿ, ಊರಿಗೆ ಹೋಗಿ ಒಂದೆರಡು ವಾರ ಬಿಟ್ಟು ಬಂದ್ರೆ ಚಿನ್ ಅಪ್ ಸಂಖ್ಯೆ ಅರ್ಧಕ್ಕೆ ಇಳಿಸಿ ಶುರು ಮಾಡ್ತೀನಿ.