ಡಯೆಟ್ ಮಾಡಿ ಕೂದಲು ಉದುರುತ್ತಿದೆಯಾ? ಶಾಂಪೂ ಬಿಡಿ, ಕ್ಯಾಲೆಂಡರ್ ತೆಗೆಯಿರಿ

ಆಹಾರ ಸಲಹೆ ಕೇಳಲು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಕೈಯಲ್ಲಿ ಒಂದು ಕವರ್ ಹಿಡಿದೇ ಬರುತ್ತಾರೆ. ಒಳಗೆ ಈರುಳ್ಳಿ ಎಣ್ಣೆ, ಹೊಸ ಶಾಂಪೂ, ಬಯೋಟಿನ್ ಗಮ್ಮಿ. ಇಷ್ಟೆಲ್ಲ ಕೊಂಡರೂ ಕೂದಲು ನಿಂತಿಲ್ಲ ಎಂಬ ದೂರು ಬೇರೆ. ಹೋದ ವರ್ಷ ಬಂದ ಇಪ್ಪತ್ತೊಂಬತ್ತರ ಹುಡುಗಿಯೊಬ್ಬಳದೂ ಇದೇ ಕತೆ. ಅವಳ ಲೆಕ್ಕವನ್ನೇ ಇಟ್ಟುಕೊಂಡು ಹೇಳುತ್ತೇನೆ.

1. ಮೂರು ತಿಂಗಳು ಹಿಂದಕ್ಕೆ ಎಣಿಸಿ

ಎಲ್ಲರೂ ಎಡವುವುದು ಇಲ್ಲೇ. ನಮ್ಮ ತಲೆಯ ಹತ್ತು ಕೂದಲಲ್ಲಿ ಸುಮಾರು ಒಂಬತ್ತು ಬೆಳೆಯುತ್ತಿರುತ್ತವೆ, ಒಂದು ವಿಶ್ರಾಂತಿಯಲ್ಲಿರುತ್ತದೆ. ಊಟ ಏಕಾಏಕಿ ಕಡಿಮೆಯಾದರೆ ದೇಹ ಹೃದಯ, ಮೆದುಳು, ರಕ್ತವನ್ನು ಮೊದಲು ನೋಡಿಕೊಳ್ಳುತ್ತದೆ. ಕೂದಲು ಅದಕ್ಕೆ ಕೊನೆಯ ಸಾಲಿನ ಮಗು. ಬೆಳೆಯುತ್ತಿದ್ದ ಕೂದಲು ಗುಂಪಾಗಿ ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತದೆ. ಆದರೆ ಅವತ್ತೇ ಉದುರುವುದಿಲ್ಲ. ಎರಡು ಮೂರು ತಿಂಗಳು ಹಾಗೇ ತಲೆಯಲ್ಲಿ ನಿಂತಿದ್ದು, ಆಮೇಲೆ ಒಟ್ಟಿಗೆ ಬರುತ್ತದೆ. ವೈದ್ಯರು ಇದನ್ನು ಟೆಲೊಜೆನ್ ಎಫ್ಲುವಿಯಂ ಅನ್ನುತ್ತಾರೆ.

ಈ ಹುಡುಗಿ ಅಕ್ಕನ ಮದುವೆಗೆಂದು ಜನವರಿ ಮೊದಲ ವಾರ ಡಯೆಟ್ ಶುರು ಮಾಡಿದಳು. ಒಂಬತ್ತು ವಾರದಲ್ಲಿ 72 ಕೆ.ಜಿ.ಯಿಂದ 61ಕ್ಕೆ ಇಳಿದಳು. ಮಾರ್ಚ್‌ನಲ್ಲಿ ಮದುವೆ ಮುಗಿಯಿತು, ಊಟ ಸ್ವಲ್ಪ ಸರಿಹೋಯಿತು. ಏಪ್ರಿಲ್ ಮೊದಲ ವಾರ ಶಾಂಪೂ ಬದಲಿಸಿದಳು. ಏಪ್ರಿಲ್ ಮಧ್ಯದಲ್ಲಿ ಬಚ್ಚಲ ಜಾಲರಿ ತುಂಬ ಕೂದಲು. ಬೈಗುಳ ಯಾರಿಗೆ? ಶಾಂಪೂಗೆ! ನಿಜಕ್ಕೂ ಅದು ಜನವರಿ, ಫೆಬ್ರವರಿಯ ಉಪವಾಸ ಉದುರುತ್ತಿದ್ದದ್ದು.

ನೀವೂ ಹೀಗೆ ಮಾಡಿ. ಉದುರುವುದು ಜಾಸ್ತಿಯಾದ ವಾರವನ್ನು ಗುರುತಿಸಿ, ಅಲ್ಲಿಂದ ಎರಡು ಮೂರು ತಿಂಗಳು ಹಿಂದೆ ಹೋಗಿ. ಆಗ ತೂಕ ಎಷ್ಟಿತ್ತು, ಏನು ತಿನ್ನುತ್ತಿದ್ದಿರಿ, ಡೆಂಗ್ಯೂ, ಟೈಫಾಯ್ಡ್ ತರಹದ ಜೋರು ಜ್ವರ ಬಂದಿತ್ತಾ, ಹೆರಿಗೆಯಾಗಿತ್ತಾ ಎಂದು ಬರೆಯಿರಿ. ಇವೂ ಇದೇ ರೀತಿ ಕೂದಲು ಉದುರಿಸುತ್ತವೆ. ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಂಡವರೂ ಅದನ್ನು ಬರೆದುಕೊಳ್ಳಿ. ತೂಕ ಬೇಗ ಇಳಿದರೆ ಅಲ್ಲೂ ಇದೇ ಕತೆ.

2. ಉದುರಿದ ಕೂದಲನ್ನು ನೋಡಿ

ಬುಡದಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗುಂಡು ಇದ್ದು, ತಲೆಯಲ್ಲೆಲ್ಲ ಒಂದೇ ಸಮ ತೆಳುವಾಗಿದ್ದರೆ ಇದೇ ಸಮಸ್ಯೆ ಇರಬಹುದು. ನಾಣ್ಯದಷ್ಟು ಜಾಗ ಪೂರ್ತಿ ಬೋಳಾಗಿದ್ದರೆ, ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಅಥವಾ ನೆತ್ತಿಯಲ್ಲಿ ಹೊಟ್ಟಿನ ಜೊತೆ ಉರಿ ಇದ್ದರೆ ಇದು ಬೇರೆ. ಚರ್ಮದ ವೈದ್ಯರ ಬಳಿ ಹೋಗಿ.

ಹೆದರಿ ತಲೆಸ್ನಾನ ನಿಲ್ಲಿಸಬೇಡಿ. ವಿಶ್ರಾಂತಿಗೆ ಹೋದ ಕೂದಲು ಹೇಗಿದ್ದರೂ ಬರುತ್ತದೆ. ಸ್ನಾನ ಬಿಟ್ಟರೆ ನಾಲ್ಕು ದಿನದ್ದು ಒಂದೇ ಸಲ ಬಂದು ಗಾಬರಿಯಾಗುತ್ತದೆ, ಅಷ್ಟೇ.

3. ರಕ್ತ ಪರೀಕ್ಷೆಯಲ್ಲಿ ಫೆರಿಟಿನ್ ಕೇಳಿ

"ಮೇಡಂ, ಹಿಮೋಗ್ಲೋಬಿನ್ 12.1 ಇದೆ, ನಾರ್ಮಲ್" ಅಂದಳು. ನಿಜ, ಹೆಂಗಸರಿಗೆ 12 ಗಡಿ. ಆದರೆ ಹಿಮೋಗ್ಲೋಬಿನ್ ಅಂದರೆ ಅಡುಗೆಮನೆ ಡಬ್ಬಿಯಲ್ಲಿರುವ ಅಕ್ಕಿ. ಫೆರಿಟಿನ್ ಅಂದರೆ ದೇಹ ಕಬ್ಬಿಣ ಕೂಡಿಟ್ಟ ಕಣಜ. ಕಣಜ ಖಾಲಿಯಾಗುತ್ತಾ ಬಂದರೂ ಡಬ್ಬಿ ಕೆಲವು ಕಾಲ ತುಂಬಿಯೇ ಇರುತ್ತದೆ. ಅವಳ ಫೆರಿಟಿನ್ 11 ಬಂತು. 15ಕ್ಕಿಂತ ಕಡಿಮೆ ಅಂದರೆ ಕಣಜ ಬರಿದು. ಕೂದಲು ಉದುರುವವರಲ್ಲಿ ಅದು 40ರ ಮೇಲಿರಲಿ ಎಂದು ಬಹಳ ವೈದ್ಯರು ಬಯಸುತ್ತಾರೆ. ಒಂದು ಎಚ್ಚರಿಕೆ: ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ. ವಾಸಿಯಾದ ಮೇಲೆ ಮಾಡಿಸಿ. ಜೊತೆಗೆ ಥೈರಾಯ್ಡ್ ಕೂಡ ನೋಡಿಸಿಬಿಡಿ.

ಬಯೋಟಿನ್ ಗಮ್ಮಿ ತಿನ್ನುತ್ತಿದ್ದರೆ ಲ್ಯಾಬ್‌ನವರಿಗೆ ಮೊದಲೇ ಹೇಳಿ. ಡೋಸ್ ಜಾಸ್ತಿಯಿದ್ದರೆ ಥೈರಾಯ್ಡ್ ರಿಪೋರ್ಟ್ ತಪ್ಪು ಬರಬಹುದು. ಬಯೋಟಿನ್ ಕೊರತೆಯೇ ಅಪರೂಪ, ನನ್ನನ್ನು ಕೇಳಿದರೆ ಆ ಡಬ್ಬಿಯ ದುಡ್ಡಿಗೆ ಎರಡು ಟ್ರೇ ಮೊಟ್ಟೆ ತರುವುದು ವಾಸಿ.

4. ಕಬ್ಬಿಣ ಮಾತ್ರೆ: ವೈದ್ಯರು ಬರೆದ ಮೇಲೆ, ಸರಿಯಾಗಿ

ಸುಮ್ನೆ ಅಂಗಡಿಯಲ್ಲಿ ಕೊಂಡು ನುಂಗಬೇಡಿ. ಕೆಲವರಿಗೆ ರಕ್ತದ ಬೇರೆ ದೋಷಗಳಿರುತ್ತವೆ, ಅವರಿಗೆ ಕಬ್ಬಿಣ ಜಾಸ್ತಿಯಾದರೆ ಹಾನಿ.

ಮಾತ್ರೆ ಬರೆದುಕೊಟ್ಟ ಮೇಲೂ ತಪ್ಪು ಮಾಡುವವರೇ ಹೆಚ್ಚು. ಈ ಹುಡುಗಿ ತಿಂಡಿ ಮುಗಿಸಿ, ಮಾತ್ರೆ ನುಂಗಿ, ಅದರ ಮೇಲೆ ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿಯುತ್ತಿದ್ದಳು. ಕಾಫಿ, ಟೀ ಕರುಳಲ್ಲಿ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಹಾಲು, ಕ್ಯಾಲ್ಸಿಯಂ ಮಾತ್ರೆಯೂ ಅಡ್ಡ ಬರುತ್ತವೆ. ಅವಳಿಗೆ ಹೇಳಿದ್ದು ಇಷ್ಟು: ಬೆಳಿಗ್ಗೆ ಎದ್ದು ಒಂದು ಲೋಟ ನಿಂಬೆ ನೀರಿನ ಜೊತೆ ಮಾತ್ರೆ, ಆಮೇಲೆ ಒಂದು ತಾಸು ಏನೂ ಬೇಡ, ಕಾಫಿ ಎರಡು ತಾಸಾದ ಮೇಲೆ. ಹೊಟ್ಟೆ ತೊಳಸಿದರೆ ರಾತ್ರಿ ಮಲಗುವ ಮೊದಲು. ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದಾ ಎಂದು ವೈದ್ಯರನ್ನು ಕೇಳಿ. ಒಂದು ಡೋಸ್ ಹೋದ ಮೇಲೆ ಸುಮಾರು ಒಂದು ದಿನ ಕರುಳು ಬಾಗಿಲು ಅರ್ಧ ಹಾಕಿಕೊಂಡಿರುತ್ತದೆ, ಹಾಗಾಗಿ ಬಿಟ್ಟು ತೆಗೆದುಕೊಂಡರೆ ಪ್ರತಿ ಮಾತ್ರೆಯಿಂದ ಒಳಗೆ ಹೋಗುವುದು ಜಾಸ್ತಿ, ಹೊಟ್ಟೆಯ ಕಾಟವೂ ಕಡಿಮೆ. ಮಲ ಕಪ್ಪಾಗುವುದು ಸಹಜ, ಅದಕ್ಕೆ ಮಾತ್ರೆ ನಿಲ್ಲಿಸಬೇಡಿ. ಮೂರು ತಿಂಗಳಿಗೆ ಮತ್ತೆ ಫೆರಿಟಿನ್ ನೋಡಿಸಿ.

ಬೀಟ್ರೂಟ್ ಜ್ಯೂಸ್ ಕುಡಿದರೆ ರಕ್ತ ಬರುತ್ತದೆ ಅನ್ನುವವರಿಗೆ ಒಂದು ಮಾತು. ಬಣ್ಣ ಕೆಂಪಿದ್ದ ಮಾತ್ರಕ್ಕೆ ಕಬ್ಬಿಣ ಇರುವುದಿಲ್ಲ. ಮಾಂಸ ತಿನ್ನುವವರಿಗೆ ಕುರಿ ಮಾಂಸದ ಕಬ್ಬಿಣ ಸುಲಭವಾಗಿ ಸೇರುತ್ತದೆ. ಉಳಿದವರು ಮೊಳಕೆ ಕಾಳು, ಸೊಪ್ಪಿನ ಮೇಲೆ ನಿಂಬೆ ಹಿಂಡಲಿ.

5. ಪ್ರೊಟೀನ್ ಕೂಡಿ ನೋಡಿ

ಕೂದಲೆಂದರೆ ಬಹುಪಾಲು ಪ್ರೊಟೀನೇ. ತೂಕ ಇಳಿಸುವಾಗ ಕೆ.ಜಿ.ಗೆ ಕನಿಷ್ಠ 1 ಗ್ರಾಂ ಬೇಕೇ ಬೇಕು ಎಂಬುದು ನನ್ನ ಹಟ. (ಮೂತ್ರಪಿಂಡದ ತೊಂದರೆ ಇರುವವರು ವೈದ್ಯರ ಮಾತು ಕೇಳಿ.) ಅಂದರೆ ಅವಳಿಗೆ 60 ಗ್ರಾಂ. ಅವಳು ತಿನ್ನುತ್ತಿದ್ದದ್ದು ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಸೌತೆಕಾಯಿ ಜೊತೆ ಒಂದು ಚಪಾತಿ, ರಾತ್ರಿ ತರಕಾರಿ ಸೂಪು, ಮಜ್ಜಿಗೆ. ಕೂಡಿದರೆ 15 ಗ್ರಾಂ ಆಸುಪಾಸು.

ಬದಲಿಸಿದ್ದು ಹೀಗೆ. ಎರಡು ಮೊಟ್ಟೆ, 12 ಗ್ರಾಂ. 50 ಗ್ರಾಂ ಹೆಸರುಕಾಳು ಮೊಳಕೆ ಕಟ್ಟಿಸಿ, 12. ಒಣ ಸೋಯಾ ಚಂಕ್ಸ್ 25 ಗ್ರಾಂ ಪಲ್ಯಕ್ಕೆ ಹಾಕಿ, 13. ಗಟ್ಟಿ ಬೇಳೆ ಸಾರು, ದೊಡ್ಡ ಬಟ್ಟಲು ಮೊಸರು, ಒಂದು ಲೋಟ ಹಾಲು, ಒಂದೊಂದರಿಂದ ಆರಾರು. ಮುದ್ದೆ, ಚಪಾತಿಯದು ಸೇರಿದರೆ 60 ದಾಟಿತು. ತಿಳಿಸಾರನ್ನು ಬೇಳೆ ಎಂದು ಲೆಕ್ಕ ಹಾಕಬೇಡಿ, ಬೇಳೆ ತಳದಲ್ಲೇ ಇರುತ್ತದೆ.

6. ಜಿಂಕ್

ಮೇಲಿನ ಊಟದಲ್ಲೇ ಸಾಕಷ್ಟು ಬರುತ್ತದೆ. ಬಾಯಿ ಮೂಲೆ ಒಡೆಯುವುದು, ರುಚಿ ಗೊತ್ತಾಗದಿರುವುದು, ಗಾಯ ಬೇಗ ಮಾಯದಿರುವುದು ಇದ್ದರೆ ವೈದ್ಯರನ್ನು ಕೇಳಿ. ಸುಮ್ನೆ ದೊಡ್ಡ ಡೋಸ್ ತಿಂಗಳುಗಟ್ಟಲೆ ನುಂಗಿದರೆ ದೇಹದಲ್ಲಿ ತಾಮ್ರ ಕಡಿಮೆಯಾಗಿ ಅದರಿಂದಲೇ ರಕ್ತಹೀನತೆ ಬರಬಹುದು. ದಿನಕ್ಕೆ 40 ಮಿ.ಗ್ರಾಂ. ಮೇಲಿನ ಮಿತಿ.

7. ತೂಕ ಇಳಿಸುವ ವೇಗ ತಗ್ಗಿಸಿ

ಪ್ರೊಟೀನ್, ಕಬ್ಬಿಣ ಎರಡೂ ಸರಿಯಿದ್ದರೂ ವಾರಕ್ಕೆ ಒಂದು ಕೆ.ಜಿ.ಗಿಂತ ಹೆಚ್ಚು ಇಳಿದರೆ ಕೂದಲು ಉದುರಬಹುದು. ಅರ್ಧ ಕೆ.ಜಿ. ಸಾಕು. ಅವಳು ಇನ್ನೂ ಐದು ಕೆ.ಜಿ. ಇಳಿಸಬೇಕು ಅಂದಳು. ಮೂರು ತಿಂಗಳು ತೂಕ ಇದ್ದಲ್ಲೇ ಇರಲಿ ಅಂದೆ. ಮುಖ ಗಂಟು ಹಾಕಿಕೊಂಡು ಒಪ್ಪಿದಳು.

8. ಕಾಯುವುದು

ಮೂರರಿಂದ ಆರು ತಿಂಗಳಲ್ಲಿ ಉದುರುವುದು ತಗ್ಗಬೇಕು. ತಗ್ಗದಿದ್ದರೆ ಚರ್ಮದ ವೈದ್ಯರ ಬಳಿ ಹೋಗಿ. ಹೊಸ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಜಡೆ ದಪ್ಪವಾಗಲು ವರ್ಷದ ಮೇಲೆ ಬೇಕು. ಮೊದಲು ಕಾಣುವುದು ಹಣೆಯಂಚಿನಲ್ಲಿ ನಿಂತ ಪುಟ್ಟ ಕೂದಲು. ಅವಳಿಗೆ ಜುಲೈ ಕೊನೆಯಲ್ಲಿ ಉದುರುವುದು ನಿಂತಿತು, ಸೆಪ್ಟೆಂಬರ್‌ನಲ್ಲಿ ಆ ಪುಟ್ಟ ಕೂದಲು ಬಂದವು. ಫೆರಿಟಿನ್ 34ಕ್ಕೆ ಏರಿದೆ, ಮಾತ್ರೆ ಇನ್ನೂ ನಡೆಯುತ್ತಿದೆ. ಡಯೆಟ್‌ಗೆ ಮೊದಲು ಜುಟ್ಟಿಗೆ ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕುತ್ತಿದ್ದಳಂತೆ. ಮೇ ತಿಂಗಳಲ್ಲಿ ನಾಲ್ಕು ಸುತ್ತು ಬೇಕಾಗಿತ್ತು. ಈಗ ಮೂರು.