ಬಿಸಿಬೇಳೆ ಭಾತಿನಲ್ಲಿ ಬೇಳೆ ಎಲ್ಲಿ ಹೋಯ್ತು?

ಮೊನ್ನೆ ಮೊಮ್ಮಗ ಜಿಮ್ಮಿನಿಂದ ಬಂದವನೇ ದೊಡ್ಡ ತಟ್ಟೆ ತುಂಬ ಬಿಸಿಬೇಳೆ ಭಾತ್ ಹಾಕಿಕೊಂಡು ಕೂತ. "ಅಜ್ಜಿ, ಇದರಲ್ಲಿ ಪ್ರೋಟೀನ್ ಜಾಸ್ತಿ, ನಿಮ್ಮ ಮೊಸರನ್ನ ಬರೀ ಕಾರ್ಬ್ಸ್" ಅಂದ. ನಾನು ಸೌಟು ಹಾಕಿ ನೋಡಿದೆ. ಎಲ್ಲಿ ನೋಡಿದರೂ ಅನ್ನ. ಸೊಸೆಯನ್ನು ಕೇಳಿದರೆ ಎರಡು ಲೋಟ ಅಕ್ಕಿಗೆ ಅರ್ಧ ಲೋಟ ಬೇಳೆ ಹಾಕಿದಳಂತೆ. ಅಷ್ಟು ಬೇಳೆಗೆ ಬಿಸಿಬೇಳೆ ಅಂತ ಹೆಸರಿಡಬೇಡಿ ಕಣ್ರಮ್ಮಾ.

ನಮ್ಮತ್ತೆ ಎಲ್ಲವನ್ನೂ ಹಿಡಿಯಲ್ಲೇ ಅಳೆಯುತ್ತಿದ್ದರು, ನಾನೂ ಹಾಗೇ. ನನ್ನ ಒಂದು ಹಿಡಿಯನ್ನು ತಕ್ಕಡಿಯಲ್ಲಿಟ್ಟು ನೋಡಿದ್ದೇನೆ, ಸುಮಾರು 40 ಗ್ರಾಂ. ಒಬ್ಬರ ತಟ್ಟೆಗೆ ಎರಡು ಹಿಡಿ ಅಕ್ಕಿ. ಅದರಲ್ಲಿ ಪಿಷ್ಟ 60 ಗ್ರಾಂ ಮೇಲೆ, ಪ್ರೋಟೀನ್ ಆರು ಗ್ರಾಂ, ಕೊಬ್ಬು ಇಲ್ಲವೆನ್ನುವಷ್ಟು. ಲೆಕ್ಕ ಹಾಕುವುದಾದರೆ ಹಸಿ ಅಕ್ಕಿಯಲ್ಲೇ ಹಾಕಿ. ಬೆಂದ ತಟ್ಟೆಯನ್ನು ತೂಗಿದರೆ ನೀರನ್ನೂ ತೂಗಿದ ಹಾಗೆ, ಬಿಸಿಬೇಳೆ ಭಾತಿನಲ್ಲಂತೂ ಮುಕ್ಕಾಲು ಪಾಲು ನೀರೇ.

ಮೊಸರನ್ನಕ್ಕೆ ಅದೇ ಎರಡು ಹಿಡಿ ಅಕ್ಕಿ, ಮೇಲೆ ಒಂದು ಲೋಟ ಗಟ್ಟಿ ಮೊಸರು. ಪ್ರೋಟೀನ್ 12 ಆಯ್ತು, ಒಗ್ಗರಣೆ ಸೇರಿ ಕೊಬ್ಬು 11ರ ಹತ್ತಿರ, ಪಿಷ್ಟ 70. ಮೊಸರಿಗೆ ನೀರು ಬೆರೆಸಿ ಸಡಿಲ ಮಾಡುತ್ತಾರಲ್ಲ, ಅವರಿಗೆ ಇಷ್ಟು ಸಿಗಲ್ಲ. ಬಿಸಿ ಅನ್ನಕ್ಕೆ ಹಾಲು ಹಾಕಿ ಹಿಸುಕಿ, ತಣ್ಣಗಾದ ಮೇಲೆ ಮೊಸರು ಕಲಸಿ. ಚಿತ್ರಾನ್ನದಲ್ಲಿ ಕಡಲೆಕಾಯಿ ಬೀಜ ಧಾರಾಳವಾಗಿದ್ದರೆ ಪ್ರೋಟೀನ್ 10, ಕೊಬ್ಬು 17. ಪುಳಿಯೋಗರೆಗೂ ಪ್ರೋಟೀನ್ ಅಷ್ಟೇ. ಆದರೆ ಗೊಜ್ಜು ಕೆಡದೆ ಇರಬೇಕಾದರೆ ಎಣ್ಣೆ ಮೇಲೆ ತೇಲಬೇಕು, ಜೊತೆಗೆ ಕೊಬ್ಬರಿ, ಎಳ್ಳು, ಹಾಗಾಗಿ ಕೊಬ್ಬು 30 ದಾಟುವುದೂ ಉಂಟು. ಬೆಲ್ಲ, ಹುಣಸೆಹಣ್ಣು ಸೇರಿ ಪಿಷ್ಟ 75.

ಇನ್ನು ಸೊಸೆಯ ಭಾತು. ಅವಳ ಅಳತೆಯಲ್ಲಿ ಒಂದು ತಟ್ಟೆಗೆ ಬಿದ್ದ ಬೇಳೆ ಅರ್ಧ ಹಿಡಿಯೂ ಇಲ್ಲ. ಪ್ರೋಟೀನ್ ಎಂಟು, ತರಕಾರಿ ಸೇರಿದರೆ ಒಂಬತ್ತು ಅನ್ನಿ. ಅವನು ಬೇಡ ಅಂದ ಮೊಸರನ್ನಕ್ಕಿಂತ ಕಡಿಮೆ! ಒಂದು ಹಿಡಿ ಅಕ್ಕಿಗೆ ಒಂದು ಹಿಡಿ ತೊಗರಿಬೇಳೆ ಹಾಕಿ ನೋಡಿ. ಬೇಳೆ ಒಂದರಿಂದಲೇ ಎಂಟು ಒಂಬತ್ತು ಗ್ರಾಂ ಬರುತ್ತೆ. ಅಕ್ಕಿ, ಬೀನ್ಸ್, ಬಟಾಣಿ ಸೇರಿ ತಟ್ಟೆಗೆ 14. ಪಿಷ್ಟವೂ 65ರೊಳಗೇ ಉಳಿಯುತ್ತೆ. ಎರಡು ಚಮಚ ತುಪ್ಪ, ಪುಡಿಯಲ್ಲಿರುವ ಕೊಬ್ಬರಿ ಸೇರಿ ಕೊಬ್ಬು 13. ಮೇಲೆ ಖಾರಾ ಬೂಂದಿ ಸುರಿದುಕೊಂಡರೆ ಅದರ ಎಣ್ಣೆ ಬೇರೆ.

ಬೇಳೆ ಯಾಕೆ ಕಡಿಮೆ ಹಾಕುತ್ತೀಯ ಅಂದರೆ, "ಜಾಸ್ತಿ ಹಾಕಿದರೆ ಬೇಯಲ್ಲ ಅತ್ತೆ, ತಳಕ್ಕೆ ಕೂರುತ್ತೆ, ತಣ್ಣಗಾದರೆ ಮುದ್ದೆ" ಅಂದಳು. ಬೇಯೋದು ಹೇಗೆ? ಅಕ್ಕಿ, ಬೇಳೆ, ಹುಣಸೆರಸ, ಪುಡಿ ಎಲ್ಲ ಒಟ್ಟಿಗೆ ಕುಕ್ಕರಿಗೆ ಸುರಿದು ಮೂರು ವಿಷಲ್ ಕೂಗಿಸುತ್ತಾಳೆ. ಹುಳಿ ಬಿದ್ದ ಮೇಲೆ ಬೇಳೆ ಬೇಯಲು ಹಟ ಮಾಡುತ್ತೆ, ಇದನ್ನು ಎಷ್ಟು ಸಲ ಹೇಳಿದ್ದೇನೋ.

ಬೇಳೆಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಅರಿಶಿನ, ಒಂದು ತೊಟ್ಟು ಎಣ್ಣೆ ಹಾಕಿ ಬೇರೆಯಾಗಿ ಬೇಯಿಸಿ. ಒಂದು ಕಾಳು ತೆಗೆದು ಎರಡು ಬೆರಳಲ್ಲಿ ಒತ್ತಿ. ನಡುವೆ ಬಿಳಿ ಚುಕ್ಕೆ ಸಿಕ್ಕರೆ ಇನ್ನೂ ಬೇಯಬೇಕು, ಬೆಣ್ಣೆಯ ಹಾಗೆ ಜಾರಿದರೆ ಆಯ್ತು. ಆಗ ಬಿಸಿಯಿರುವಾಗಲೇ ಕಡಗೋಲಿನಲ್ಲಿ ಕಡೆಯಿರಿ, ಒಂದು ಕಾಳೂ ಕಣ್ಣಿಗೆ ಕಾಣಬಾರದು. ಮಿಕ್ಸಿ ಬೇಡ, ಅಂಟಂಟಾಗುತ್ತೆ. ನಮ್ಮತ್ತೆ ಬಸವನಗುಡಿಯ ಮನೆಯಲ್ಲಿ ಕಡಗೋಲು ನನ್ನ ಕೈಗೆ ಕೊಟ್ಟು, ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ತೋಳು ನೋಯುತ್ತಿತ್ತು, ಆದರೆ ಆ ಬೇಳೆ ತಳಕ್ಕೆ ಕೂತದ್ದು ಒಂದು ದಿನವೂ ಇಲ್ಲ. ಮೆತ್ತಗೆ ಬೇಯಿಸಿದ ಅನ್ನ, ಬೆಂದ ತರಕಾರಿ ಸೇರಿಸಿ. ಹುಣಸೆರಸವನ್ನು ಪುಡಿಯ ಜೊತೆ ಪಕ್ಕದ ಒಲೆಯಲ್ಲಿ ಕುದಿಸಿ, ಹಸಿ ವಾಸನೆ ಹೋದ ಮೇಲೆ ಕೊನೆಗೆ ಸುರಿಯಿರಿ. ಹಿಂಡಿದ ಹುಣಸೆ ಹಿಪ್ಪೆಯನ್ನು ಎಸೆಯಬೇಡಿ, ಹಿತ್ತಾಳೆ ದೀಪ ಉಜ್ಜಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಉಜ್ಜಿದ ತಕ್ಷಣ ತೊಳೆದು ಒರೆಸಿ, ಇಲ್ಲದಿದ್ದರೆ ಕಲೆ ನಿಲ್ಲುತ್ತೆ.

ಮುದ್ದೆಯಾಗುತ್ತೆ ಅನ್ನೋ ಮಾತು ನಿಜ, ಬೇಳೆ ತಣ್ಣಗಾಗುತ್ತಾ ಬಿಗಿಯುತ್ತೆ. ಅದಕ್ಕೆ ಒಲೆಯ ಮೇಲಿರುವಾಗಲೇ ಕುದಿನೀರು ಹಾಕಿ ಇನ್ನೂ ತೆಳ್ಳಗೆ ಮಾಡಿಕೊಳ್ಳಬೇಕು. ಸೌಟಿನಿಂದ ಗೆರೆ ಎಳೆದರೆ ಗೆರೆ ತಕ್ಷಣ ಮುಚ್ಚಿಕೊಳ್ಳಬೇಕು. ಆ ಹದಕ್ಕೆ ಇಳಿಸಿದರೆ ತಟ್ಟೆಗೆ ಬರುವ ಹೊತ್ತಿಗೆ ಸರಿಯಾಗಿರುತ್ತೆ. ಮಾರನೇ ದಿನ ಬಿಸಿ ಮಾಡುವಾಗಲೂ ಕುದಿನೀರೇ ಹಾಕಿ, ತಣ್ಣೀರು ಹಾಕಿದರೆ ಗಂಟು ಗಂಟಾಗುತ್ತೆ.