ಅಜ್ಜಿಗೆ ಧಾರಾವಾಹಿ, ಮನೆಯವರಿಗೆ ನಿದ್ದೆ: ಟಿವಿಗೆ ವೈರ್‌ಲೆಸ್ ಹೆಡ್‌ಫೋನ್ ಹಾಕಿಕೊಳ್ಳುವುದು ಹೇಗೆ?

ಅಜ್ಜೀ, ಒಂಬತ್ತು ಗಂಟೆಯ ಧಾರಾವಾಹಿಗೆ ನೀವು ವಾಲ್ಯೂಮ್ ಏರಿಸುತ್ತೀರಿ, ಪರೀಕ್ಷೆಗೆ ಓದುವ ಮೊಮ್ಮಗಳು ಇಳಿಸುತ್ತಾಳೆ. ಈ ಹಗ್ಗಜಗ್ಗಾಟಕ್ಕೆ ಹೆಡ್‌ಫೋನ್ ಒಳ್ಳೆಯ ಉಪಾಯ. ಮೊದಲ ಮೂರು ಹಂತಗಳನ್ನು ಮನೆಯ ಹುಡುಗರಿಂದ ಒಮ್ಮೆ ಮಾಡಿಸಿಕೊಳ್ಳಿ. ಆಮೇಲಿನದು ನಿಮ್ಮ ಕೈಯಲ್ಲೇ ಆಗುತ್ತದೆ.

ಹಂತ 1: ಕೊಳ್ಳುವುದು

ಅಂಗಡಿಯಲ್ಲಿ ‘ಟಿವಿಗೆ ಹಾಕುವ, ಸ್ಟ್ಯಾಂಡ್ ಇರುವ ವೈರ್‌ಲೆಸ್ ಹೆಡ್‌ಫೋನ್’ ಎಂದೇ ಕೇಳಿ. ಮೊಬೈಲಿಗೆ ಬಳಸುವ ಸಾದಾ ಬ್ಲೂಟೂತ್ ಬೇಡ. ಅದರಲ್ಲಿ ಮಾತು ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗಿ ಬರುವುದುಂಟು. ಅತ್ತೆ ಬಾಯಿ ಮುಚ್ಚಿದ ಮೇಲೆ ಬೈಗುಳ ಕೇಳಿಸುತ್ತದೆ. ಕಿವಿಯೊಳಗೆ ತುರುಕುವ ಪುಟ್ಟ ಬಡ್ಸ್ ಅಂತೂ ಬೇಡವೇ ಬೇಡ, ಮಂಚದಡಿ ಬಿದ್ದರೆ ಹುಡುಕುವವರು ಯಾರು?

ಹಂತ 2: ವೈರ್ ಸಿಕ್ಕಿಸುವುದು

ಎಲ್ಲರೂ ಎಡವುವುದು ಇಲ್ಲೇ. ಹೆಡ್‌ಫೋನಿಗೆ ವೈರ್ ಇಲ್ಲದಿದ್ದರೂ ಅದರ ಸ್ಟ್ಯಾಂಡಿಗೆ ಇದೆ. ಟಿವಿಯಿಂದ ಧ್ವನಿ ಹೊರಬರುವ ತೂತಿಗೇ ಅದು ಹೋಗಬೇಕು.

ಟಿವಿಯ ಹಿಂದೆ ಅಥವಾ ಬದಿಯಲ್ಲಿ ಹೆಡ್‌ಫೋನ್ ಚಿತ್ರವೋ H/P ಎಂಬ ಅಕ್ಷರವೋ ಇರುವ ದುಂಡು ತೂತು ಇದ್ದರೆ ಕೆಲಸ ಸುಲಭ. ಪಿನ್ ‘ಟಕ್’ ಎನ್ನುವ ತನಕ ಒತ್ತಿ. ಹೆಚ್ಚಿನ ಟಿವಿಗಳಲ್ಲಿ ಆಗ ಸ್ಪೀಕರ್ ತಾನಾಗಿಯೇ ಬಂದ್ ಆಗುತ್ತದೆ. ಪಕ್ಕದಲ್ಲೇ AV IN ಎಂದು ಬರೆದ ಅಂಥದ್ದೇ ತೂತು ಇರಬಹುದು. ಅದು ಧ್ವನಿ ಒಳಗೆ ಹೋಗುವ ದಾರಿ, ಅಲ್ಲಿ ಸಿಕ್ಕಿಸಿದರೆ ಏನೂ ಕೇಳದು.

ಕೆಲವು ಹೊಸ ಟಿವಿಗಳಲ್ಲಿ ಈ ದುಂಡು ತೂತೇ ಇರುವುದಿಲ್ಲ, OPTICAL ಎಂಬ ಚೌಕನೆಯದು ಮಾತ್ರ ಇರುತ್ತದೆ. ಅಂಥ ಮನೆಯಲ್ಲಿ ಟಿವಿಯನ್ನು ಬಿಟ್ಟು ಡಿಶ್ ಬಾಕ್ಸಿನ ಹಿಂದೆ ನೋಡಿ. ಹಳದಿ, ಬಿಳಿ, ಕೆಂಪು ತೂತುಗಳು ಕಂಡರೆ ಬಿಳಿ ಮತ್ತು ಕೆಂಪಿಗೆ ಸ್ಟ್ಯಾಂಡಿನ ವೈರ್ ಹಾಕಿ, ಹಳದಿಯನ್ನು ಖಾಲಿ ಬಿಡಿ. ಈಗ ಸ್ಪೀಕರನ್ನು ಮ್ಯೂಟ್ ಮಾಡುವುದು ಟಿವಿಯ ರಿಮೋಟಿನಿಂದ. ಡಿಶ್ ರಿಮೋಟಿನಲ್ಲಿ ಮ್ಯೂಟ್ ಒತ್ತಿದರೆ ಧ್ವನಿ ಬಾಕ್ಸಿನಲ್ಲೇ ನಿಂತುಹೋಗಿ ಹೆಡ್‌ಫೋನೂ ಮೂಕ. ‘ಹೆಡ್‌ಫೋನ್ ಹಾಳಾಯ್ತು’ ಎಂದು ಅಂಗಡಿಗೆ ಓಡುವ ಮೊದಲು ಇದೊಂದನ್ನು ನೋಡಿ. ಈ ಜೋಡಣೆಯಲ್ಲಿ ಟಿವಿಯೊಳಗಿನ ಯೂಟ್ಯೂಬ್ ಧ್ವನಿ ಕೇಳದು, ಡಿಶ್‌ನಲ್ಲಿ ಬರುವ ಚಾನೆಲ್‌ಗಳದ್ದು ಮಾತ್ರ.

ಬಾಕ್ಸಿನಲ್ಲೂ ಆ ತೂತುಗಳಿಲ್ಲವೇ? OPTICAL ವೈರ್ ಹಿಡಿಯುವ ಸ್ಟ್ಯಾಂಡ್ ಇರುವ ಹೆಡ್‌ಫೋನನ್ನೇ ಕೊಳ್ಳಿ. ಅದರ ವೈರಿನ ತುದಿಗಿರುವ ಪ್ಲಾಸ್ಟಿಕ್ ಟೋಪಿ ತೆಗೆಯಲು ಮರೆಯಬೇಡಿ, ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ Auto ಬದಲು PCM ಆರಿಸಿ. ಇಲ್ಲವಾದರೆ ಕೆಲವು ಚಾನೆಲ್‌ಗಳಲ್ಲಿ ಧ್ವನಿಯೇ ಬರುವುದಿಲ್ಲ.

ಹಂತ 3: ವಾಲ್ಯೂಮ್ ಹೊಂದಿಸುವುದು

ದುಂಡು ತೂತಿನ ಟಿವಿಯಲ್ಲಿ ವಾಲ್ಯೂಮ್ ತೀರಾ ಕಡಿಮೆ ಇಟ್ಟರೆ ಸ್ಟ್ಯಾಂಡಿಗೆ ಹೋಗುವ ಧ್ವನಿಯೇ ಬಡವಾಗುತ್ತದೆ. ನೀವು ಹೆಡ್‌ಫೋನಿನ ಗಾಲಿಯನ್ನು ಪೂರ್ತಿ ತಿರುಗಿಸುತ್ತೀರಿ, ಆಗ ಮಾತಿಗಿಂತ ‘ಸುಯ್’ ಎಂಬ ಸದ್ದೇ ಜಾಸ್ತಿ. ಕೆಲವು ಸ್ಟ್ಯಾಂಡ್‌ಗಳು ಟಿವಿ ಆಫ್ ಆಗಿದೆ ಎಂದುಕೊಂಡು ಮಧ್ಯದಲ್ಲೇ ನಿಂತುಬಿಡುತ್ತವೆ. ಆದ್ದರಿಂದ ಟಿವಿಯಲ್ಲಿ ನೂರಕ್ಕೆ ಅರವತ್ತರಷ್ಟು ಇಡಿ. ಮುಂದೆ ಹೆಚ್ಚು ಕಡಿಮೆ ಮಾಡುವುದೆಲ್ಲ ಹೆಡ್‌ಫೋನಿನ ಗಾಲಿಯಲ್ಲೇ. ಕಿವಿಗೆ ಹಾಕುವ ಮೊದಲು ಗಾಲಿಯನ್ನು ಕೆಳಗಿಳಿಸಿ, ಜಾಹೀರಾತು ಬಂದಾಗ ಕಿವಿ ಉಳಿಯುತ್ತದೆ.

ಹಂತ 4: ದಿನದ ಕೆಲಸ

ಆನ್ ಗುಂಡಿಯ ಮೇಲೆ ಹಣೆಗಿಡುವ ಬೊಟ್ಟಿನ ಸ್ಟಿಕರ್ ಅಂಟಿಸಿ, ಕನ್ನಡಕವಿಲ್ಲದೆಯೂ ಬೆರಳಿಗೆ ಸಿಗುತ್ತದೆ. ಟಿವಿ ಹಚ್ಚಿ, ಬೊಟ್ಟು ಒತ್ತಿ, ಕಿವಿಗೆ ಹಾಕಿ, ಅಷ್ಟೇ. ಹೆಡ್‌ಫೋನ್ ಹಾಕಿದಾಗ ಕುಕ್ಕರಿನ ಸೀಟಿ ಕೇಳದು, ಒಲೆಯ ಮೇಲೆ ಏನೂ ಇಟ್ಟು ಬರಬೇಡಿ. ಚಿರೆಕಲ್ಲಿನ ದಪ್ಪ ಗೋಡೆ ದಾಟಿ ಅಡುಗೆಮನೆಗೆ ಹೋದರೆ ಧ್ವನಿ ತುಂಡಾಗುತ್ತದೆ, ಅದು ದೋಷವಲ್ಲ.

ಹಂತ 5: ಚಾರ್ಜ್

ಧಾರಾವಾಹಿ ಮುಗಿದೊಡನೆ ಹೆಡ್‌ಫೋನನ್ನು ಆಫ್ ಮಾಡಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಚಾರ್ಜಿನ ದೀಪ ಹತ್ತಿತೇ ನೋಡಿ. ಸ್ಟ್ಯಾಂಡಿನ ಕರೆಂಟ್ ವೈರನ್ನು ಟಿವಿಯ ಯುಎಸ್‌ಬಿಗೆ ಹಾಕಿ ರಾತ್ರಿ ಮೇನ್ ಸ್ವಿಚ್ ಆರಿಸುವ ಮನೆಗಳಿವೆ. ಬೆಳಗಿನ ತನಕ ಒಂದು ಹನಿ ಚಾರ್ಜೂ ಆಗಿರುವುದಿಲ್ಲ. ಅದಕ್ಕೆ ಬೇರೆ ಪ್ಲಗ್ ಕೊಡಿ, ಇನ್ವರ್ಟರ್ ಲೈನಿನದ್ದೇ ಇರಲಿ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಟಿವಿ ನಡೆದು ಸ್ಟ್ಯಾಂಡ್ ಸತ್ತಿದ್ದರೆ ಹೆಡ್‌ಫೋನಿಗೆ ಧ್ವನಿ ಎಲ್ಲಿಂದ ಬರಬೇಕು?

ಕುಮಟಾ, ಕಾರವಾರದಂಥ ಕಡಲ ಬದಿಯ ಮನೆಗಳಲ್ಲಿ ಸ್ಟ್ಯಾಂಡ್ ಮತ್ತು ಹೆಡ್‌ಫೋನಿನ ಲೋಹದ ಚುಕ್ಕೆಗಳು ಉಪ್ಪುಗಾಳಿಗೆ ಕಪ್ಪಾಗಿ ಚಾರ್ಜ್ ನಿಲ್ಲುತ್ತದೆ. ಹದಿನೈದು ದಿನಕ್ಕೊಮ್ಮೆ ಒಣ ಹತ್ತಿ ಬಟ್ಟೆಯಿಂದ ಒರೆಸಿ. ನೀರು, ತೆಂಗಿನೆಣ್ಣೆ ತಾಗಿಸಬೇಡಿ.